ಬೆಳಗಿನ ಹಾಗಲರಸ

ಕೇಳುಗರಿಗೆ ನಮಸ್ಕಾರ. ನೇರಳೆ ಹಣ್ಣಿನ ಕಾಲ ಬಂತೆಂದರೆ ನಮ್ಮ ಕಡೆ ಜಗಲಿಯ ಮೊರದಲ್ಲಿ ಅದರ ಬೀಜ ಒಣಗುತ್ತಿರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ ಅಂತ ಕೇಳದೆಯೇ ಗೊತ್ತಾಗುತ್ತದೆ.

ಅಂಥದೇ ಮನೆಯ ಹಿರಿಯರೊಬ್ಬರನ್ನು ಒಂದು ದಿನ ಮಗ, ಸೊಸೆ ಆಟೋದಲ್ಲಿ ನನ್ನ ದವಾಖಾನೆಗೆ ಕರೆತಂದರು. ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ, ಮಾತು ತೊದಲು. ಲಕ್ವ ಹೊಡೆದಿದೆ ಅಂತ ಮನೆಯವರ ಭಯ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 48. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ನಾವು ಎಚ್ಚರಾಗುತ್ತೇವೆ.

ಸೊಸೆ ಮೆಲ್ಲಗೆ ಬಾಯಿ ಬಿಟ್ಟರು. "ಡಾಕ್ಟ್ರೇ, ಮಾವ ಹದಿನೈದು ದಿನದಿಂದ ಖಾಲಿ ಹೊಟ್ಟೇಲಿ ಒಂದು ಲೋಟ ಹಾಗಲಕಾಯಿ ರಸ, ಒಂದು ಚಮಚ ನೇರಳೆ ಬೀಜದ ಪುಡಿ ತಗೋತಾ ಇದಾರೆ. ನಿಮಗೆ ಹೇಳಬೇಡ ಅಂದಿದ್ರು." ಮಾತ್ರೆಯನ್ನೂ ಬಿಟ್ಟಿರಲಿಲ್ಲ. ಅದು ಗ್ಲಿಮೆಪಿರೈಡ್. ಅವತ್ತು ಅದನ್ನು ನುಂಗಿ, ತಿಂಡಿ ತಿನ್ನದೆ ತೋಟಕ್ಕೆ ಹೋಗಿದ್ದಾರೆ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತವೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಅವು ನೋಡುವುದಿಲ್ಲ. ಅದರ ಮೇಲೆ ಹಾಗಲವೂ ಸಕ್ಕರೆ ಇಳಿಸಿದರೆ ಎರಡೂ ಒಂದೇ ಕಡೆಗೆ ಎಳೆದಂತೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ.

ಹಾಗಲದಲ್ಲಿ ಸಕ್ಕರೆ ಇಳಿಸುವ ಅಂಶ ಇರುವುದು ನಿಜ. ತೊಂದರೆ ಇರುವುದು ಅಳತೆಯಲ್ಲಿ. ಮಾತ್ರೆಯ ಮೇಲೆ ಎರಡು ಮಿಲಿಗ್ರಾಂ ಅಂತ ಬರೆದಿರುತ್ತದೆ. ಇವತ್ತಿನ ಕಾಯಿಯ ಕಸುವು ಎಷ್ಟು, ನಾಳೆಯದೆಷ್ಟು, ಯಾರು ಹೇಳುತ್ತಾರೆ? ನೇರಳೆ ಬೀಜದ ಪುಡಿಗೂ ಅದೇ ಮಾತು. ಇಂಗ್ಲೆಂಡಿನಲ್ಲಿ ಇದೇ ಜಾತಿಯ ಹಳೆಯ ಮಾತ್ರೆ ನುಂಗುತ್ತಿದ್ದ ಮಹಿಳೆಯೊಬ್ಬರಿಗೆ ಹಾಗಲಕಾಯಿ ಸೇರಿ ಮಾತ್ರೆಯ ಪರಿಣಾಮ ಹೆಚ್ಚಾದದ್ದನ್ನು 1979ರಲ್ಲೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿತ್ತು. ಅವರು ತಿಂದಿದ್ದು ರಸವಲ್ಲ, ಸಾರು‑ಪಲ್ಯದ ಹಾಗಲ.

ನಮ್ಮ ಹಿರಿಯರಿಗೆ ಪ್ರಜ್ಞೆ ಇತ್ತು, ನುಂಗುತ್ತಿದ್ದರು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದೆವು. ಹದಿನೈದು ನಿಮಿಷಕ್ಕೆ 82. ಮಗ "ಮನೆಗೆ ಹೊರಡೋಣ" ಅಂದ. ಅಲ್ಲೇ ಮೋಸ. ಈ ಮಾತ್ರೆಯ ಪ್ರಭಾವ ಇಡೀ ದಿನ ಇರುತ್ತದೆ, ಏರಿದ ಸಕ್ಕರೆ ಮತ್ತೆ ಇಳಿಯುತ್ತದೆ. ಎರಡು ಗಂಟೆ ಬಿಟ್ಟು ನೋಡಿದಾಗ 58. ದೊಡ್ಡಾಸ್ಪತ್ರೆಗೆ ಕಳಿಸಿ ಗ್ಲೂಕೋಸ್ ಡ್ರಿಪ್ ಹಾಕಿಸಿ, ಒಂದು ರಾತ್ರಿ ಅಲ್ಲೇ ಇರಿಸಬೇಕಾಯಿತು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವ ಹಾಗಿರಲಿಲ್ಲ, ಶ್ವಾಸನಾಳಕ್ಕೆ ಇಳಿಯುತ್ತದೆ.

ಮುಚ್ಚಿಟ್ಟದ್ದಕ್ಕೆ ಇನ್ನೊಂದು ಪೆಟ್ಟೂ ಇದೆ. ರಸ ಕುಡಿಯುವಾಗಿನ ರಿಪೋರ್ಟ್ ನೋಡಿ ವೈದ್ಯರು ಮಾತ್ರೆ ಸರಿಹೋಗಿದೆ ಅಂದುಕೊಳ್ಳುತ್ತಾರೆ. ರಸ ಬಿಟ್ಟ ವಾರ ಸಕ್ಕರೆ ಏರುತ್ತದೆ, ಡೋಸ್ ಹೆಚ್ಚುತ್ತದೆ. ಆಮೇಲೆ ರೋಗಿ ಮತ್ತೆ ರಸ ಶುರು ಮಾಡುತ್ತಾರೆ. ಹಾಗಂತ ಮಾತ್ರೆಯನ್ನೇ ಬಿಟ್ಟು ರಸ ನಂಬಿಕೊಂಡವರು 400 ಸಕ್ಕರೆ ಹೊತ್ತು ಬಂದದ್ದನ್ನೂ ಕಂಡಿದ್ದೇನೆ. ಕುಡಿಯುತ್ತಿದ್ದರೆ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ, ಬೈದರೆ ಬೈಸಿಕೊಳ್ಳಿ.

ಆ ಹಿರಿಯರು ಈಗ ರಸ, ಪುಡಿ ಎರಡನ್ನೂ ಬಿಟ್ಟಿದ್ದಾರೆ. ಯಾವಾಗಲಾದರೊಮ್ಮೆ ಊಟದ ಜೊತೆ ಸೊಸೆ ಹಾಗಲಕಾಯಿ ಗೊಜ್ಜು ಮಾಡುತ್ತಾರೆ, ಬೆಲ್ಲ ಹಾಕದೆ. ಮಾವನ ತಕರಾರೆಲ್ಲ ಈಗ ಆ ಬೆಲ್ಲದ್ದೇ.