ಎಂಟು ತಿಂಗಳು ಬಳಸಿದ ಇಯರ್‌ಬಡ್ಸ್: ಬಲಗಿವಿದು ಯಾಕ ಮೊದಲ ಬಂದ್ ಆಗತಿತ್ತು?

[ದೃಶ್ಯ: ಅಂಗಡಿ ಟೇಬಲ್ ಮ್ಯಾಲ ಸವೆದ ಬಡ್ಸ್ ಡಬ್ಬಿ. ಕ್ಯಾಮೆರಾ ಹತ್ರ ಹೋಗ್ತದ.]

ನಮಸ್ಕಾರ್ರಿ. ಈ ಡಬ್ಬಿ ನೋಡ್ರಿ. ಮೂಲಿ ಎಲ್ಲಾ ಸವದಾವ, ಬಣ್ಣ ಹೋಗೈತಿ. ಎಂಟು ತಿಂಗಳಿಂದ ಒಂದ ದಿನಾನೂ ತಪ್ಪದ ನನ್ನ ಕಿಸೆದಾಗ ಐತಿ. ನಾ ವಿಜಯಪುರದಾಗ ಡ್ರಿಪ್ ಪೈಪ್ ಮಾರೋ ಅಂಗಡ್ಯಾಗ ಕೆಲಸ ಮಾಡ್ತೀನಿ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತ್ವಾಟಗಳಿಗೆ ದಿನಾ ಓಡಾಟ, ದಿನಕ್ಕ ಎರಡು ತಾಸು ಬರೇ ಫೋನಿನ ಮಾತು. ಬಡ್ಸ್ 2000 ರೂಪಾಯಿ ಒಳಗಿನವು. ಕಂಪನಿ ಹೆಸರು ಹೇಳೋದಿಲ್ಲ, ಯಾಕಂದ್ರ ಈಗ ಹೇಳೋ ಮಾತು ಈ ದರದಾಗಿನ ಬಹಳಷ್ಟು ಬಡ್ಸಿಗೆ ಹೊಂದತೈತಿ.

ಏಳನೇ ತಿಂಗಳದಾಗ ಬಲಗಿವಿ ಬಡ್ ಎರಡ ತಾಸಿಗೆ ಬಂದ್ ಆಗಾಕ ಹತ್ತಿತು. ಎಡಗಡೆದು ನಾಕೂವರಿ ತಾಸು ಆರಾಮ ನಡೀತಿತ್ತು. ಬ್ಯಾಟರಿ ಹೋತು, ಹೊಸಾವ ತಗೋಬೇಕು ಅಂತ ನಾನೂ ತಿಳಕೊಂಡಿದ್ದೆ. ಅದು ಬ್ಯಾಟರಿ ಅಲ್ಲಾಗಿತ್ತು. ಅಲ್ಲಿಗೆ ಬರ್ತೀನಿ. ಮೊದಲ ಕಿವ್ಯಾಗ ಕೂಡೋ ವಿಷಯ ಹೇಳಿಬಿಡ್ತೀನಿ.

[ದೃಶ್ಯ: ಅಂಗೈ ಮ್ಯಾಲ ಮೂರು ಸೈಜಿನ ರಬ್ಬರ್ ಟಿಪ್.]

ಬಾಕ್ಸಿನಾಗ ಮೂರು ಸೈಜಿನ ಟಿಪ್ ಬರ್ತಾವ. ಬಹಳ ಮಂದಿ ನಡುವಿನ ಸೈಜು ಹಾಕ್ಕೊಂಡು ಉಳಿದವನ್ನ ಬಾಕ್ಸಿನಾಗ ಮರತಬಿಡ್ತಾರ. ನಮ್ಮ ಎರಡೂ ಕಿವಿ ತೂತು ಒಂದ ಅಳತಿ ಇರಬೇಕಂತಿಲ್ರಿ. ನನಗ ಎಡಕ್ಕ ಮೀಡಿಯಂ, ಬಲಕ್ಕ ಲಾರ್ಜ್ ಬೇಕಾತು. ಪರೀಕ್ಷೆ ಹೆಂಗಂದ್ರ, ಡೊಳ್ಳಿನ ಹಾಡು ಹಚ್ಚಿ ಬಡ್ಡನ್ನ ಬೆರಳಿಂದ ಸ್ವಲ್ಪ ಒಳಗ ಒತ್ರಿ. ಒತ್ತಿದಾಗ ಡೊಳ್ಳು ಒಮ್ಮೆಲೆ ದಪ್ಪಗ ಕೇಳ್ತಂದ್ರ, ಸಂದಿಯಿಂದ ಗಾಳಿ ಸೋರಾಕ ಹತ್ತೈತಿ, ಒಂದು ಸೈಜು ದೊಡ್ಡದು ಹಾಕ್ರಿ. ಆಮ್ಯಾಲ ಒಂದು ಕಟಕ ರೊಟ್ಟಿ ತಿನ್ರಿ. ದವಡೆ ಆಡಿದಂಗ ಕಿವಿ ತೂತಿನ ಆಕಾರ ಬದಲಾಗತೈತಿ. ಸುಮ್ಮ ಕುಂತಾಗ ಗಟ್ಟಿ ಕುಂತ ಬಡ್ ಮಾತಾಡುವಾಗ ಜಾರೋದು ಇದಕ್ಕ. ರೊಟ್ಟಿ ಮುಗಿಯೋತನಕ ಜಾರಲಿಲ್ಲಂದ್ರ ಆ ಟಿಪ್ ನಿಮ್ಮದು.

[ದೃಶ್ಯ: ದ್ರಾಕ್ಷಿ ತ್ವಾಟದ ಬದುವಿನ ಮ್ಯಾಲ, ಗಾಡಿ ನಿಲ್ಲಿಸಿ.]

ಈಗ ಕಾಲ್. ಹಾಡು ಚಲೋ ಕೇಳ್ತಾವು ಅಂದ್ರ ಮಾತೂ ಚಲೋ ಹೋಗತೈತಿ ಅನ್ನೋದು ತಪ್ಪು. ಹಾಡು ಬರೇ ಫೋನಿನಿಂದ ಕಿವಿಗೆ ಬರ್ತೈತಿ. ಕಾಲ್ ಹಚ್ಚಿದ ಕೂಡ್ಲೆ ನಿಮ್ಮ ಧ್ವನಿನೂ ವಾಪಸ್ ಹೋಗಬೇಕು. ಅದಕ್ಕ ಬ್ಲೂಟೂತ್ ಬ್ಯಾರೆ ಮೋಡಿಗೆ ಹೋಗಿ, ಧ್ವನಿ ಗುಣಮಟ್ಟ ಇಳಸ್ತೈತಿ. ಹಾಡಿನಾಗ ಧ್ವನಿನ ಸೆಕೆಂಡಿಗೆ 44,100 ಸಲ ಅಳೀತಾರ. ಸಾಮಾನ್ಯ ಬ್ಲೂಟೂತ್ ಕಾಲಿನಾಗ ಅದು 16,000, ಹಳೇ ರೀತಿದಾಗ 8,000. ಆ ಕಡೆಯವರು “ಏನೋ ಬಾವ್ಯಾಗಿಂದ ಮಾತಾಡಿದಂಗ ಕೇಳ್ತೈತಲ್ಲೋ” ಅನ್ನೋದು ಇದರಿಂದಾನ.

ಇನ್ನೊಂದು, ಬಾಕ್ಸಿನ ಮ್ಯಾಲ ANC, ENC ಅಂತ ಎರಡು ಬರದಿರ್ತಾರ. ANC ಅಂದ್ರ ನಿಮ್ಮ ಕಿವಿಗೆ ಹೊರಗಿನ ಗದ್ದಲ ಕಡಿಮಿ ಮಾಡೋದು. ENC ಅಂದ್ರ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕೇಳದಂಗ ಮಾಡೋದು. ಕಾಲ್ ಜಾಸ್ತಿ ಇದ್ದವರು ಎರಡನೇದನ್ನ ನೋಡಬೇಕು.

ನಾ ನಮ್ಮ ಮನ್ಯಾಗಿನ ಫೋನಿಗೆ ಹಚ್ಚಿ, ಅಲ್ಲೇ ರೆಕಾರ್ಡ್ ಮಾಡಿಸಿ ಕೇಳೀನಿ. ಅಂಗಡ್ಯಾಗ ಸ್ವಚ್ಛ. ಗಾಂಧಿ ಚೌಕದಾಗ ಆಟೋ ಇಂಜಿನ್ ಸಪ್ಪಳ ಅರ್ಧಕ್ಕರ್ಧ ಹೋಗಿತ್ತು, ಆದ್ರ ನನ್ನ ಮಾತಿನ ಕೊನಿ ಅಕ್ಷರಾನೂ ಅದರ ಜೋಡಿ ಹೋಗಿದ್ದುವು. “ಹದಿನಾರು ಎಂಎಂ” ಅಂದದ್ದು “ಹದಿನಾ ಎಂ” ಆಗಿತ್ತು. ಪೈಪಿನ ಅಳತಿ ತಪ್ಪಿದ್ರ ನಮ್ಮ ಧಂದೆ ನಡೀಯೋದಿಲ್ರಿ. ತ್ವಾಟದಾಗ ಗಾಳಿ ಬಿಟ್ಟಾಗಂತೂ ಬರೇ ಭರ್ರ್. ಇಂಜಿನ್ ಸಪ್ಪಳ ಒಂದ ಸಮ ಇರ್ತೈತಿ, ಚಿಪ್ ಅದನ್ನ ಗುರುತ ಹಿಡಿದು ತಗೀತೈತಿ. ಗಾಳಿ ಹಂಗಲ್ಲ, ಮೈಕಿನ ತೂತಿಗೇ ನೇರ ಬಡೀತೈತಿ. ಬೆನ್ನು ಗಾಳಿ ಕಡೆ ಮಾಡಿ ನಿಂತ್ರ ಸ್ವಲ್ಪ ಸುಧಾರಸ್ತೈತಿ. ಆರ್ಡರ್ ಬರಕೊಳ್ಳೋ ಕಾಲ್ ಇದ್ರ ನಾ ಬಡ್ಸ್ ತಗದು ಫೋನ ಕಿವಿಗೆ ಹಿಡೀತೀನಿ. ಗಾಡಿ ಹೊಡೆಯುವಾಗ ಬಡ್ಸ್ ಹಾಕೋದ ಇಲ್ಲ.

[ದೃಶ್ಯ: ಮತ್ತ ಟೇಬಲ್. ಡಬ್ಬಿ ತೆರೆದು ಒಳಗಿನ ಪಿನ್ ತೋರಿಸೋದು.]

ಬರ್ರಿ, ಬ್ಯಾಟರಿಗೆ. ಬಾಕ್ಸಿನ ಮ್ಯಾಲ 40 ತಾಸು ಅಂತ ಐತಿ. ಅದು ಡಬ್ಬಿ ಪದೇ ಪದೇ ಚಾರ್ಜ್ ಮಾಡಿದ್ದೂ ಸೇರಿಸಿದ ಲೆಕ್ಕ. ಹೊಸಾವಿದ್ದಾಗ ನಾ ಸದಾ ಇಡೋ ವಾಲ್ಯೂಮಿನಾಗ ಒಂದ ಸಲಕ್ಕ ಹಾಡು 5 ತಾಸು 20 ನಿಮಿಷ, ಬರೇ ಕಾಲ್ ಆದ್ರ ಮೂರೂವರಿ ತಾಸು ಬಂದಿತ್ತು. ಕಾಲಿನಾಗ ಮೈಕೂ, ಸಪ್ಪಳ ತಗಿಯೋ ಚಿಪ್ಪೂ ಕೆಲಸ ಮಾಡ್ತಾವ, ಅದಕ್ಕ ಕಡಿಮಿ.

ಏಳನೇ ತಿಂಗಳ ಲೆಕ್ಕ: ಎಡ 4 ತಾಸು 35 ನಿಮಿಷ, ಬಲ 2 ತಾಸು 10 ನಿಮಿಷ. ಈ ಅಂತರ ನನಗ ಬಗೀಹರೀಲಿಲ್ಲ. ಒಂದು ದಿನ ಡಬ್ಬಿ ಮುಚ್ಚಿಟ್ಟು ಫೋನಿನಾಗ ಮಾತಾಡಾಕ ಹೋದ್ರ ಆ ಕಡೆ ಧ್ವನಿ ಕೇಳಲೇ ಇಲ್ಲ. ನೋಡಿದ್ರ ಧ್ವನಿ ಡಬ್ಬಿಯಾಗಿನ ಬಲಗಡೆ ಬಡ್ಡಿಗೆ ಹೋಗಾಕ ಹತ್ತಿತ್ತು! ಅಂದ್ರ ತಾ ಡಬ್ಬಿಯಾಗ ಕುಂತೀನಿ ಅನ್ನೋದು ಆ ಬಡ್ಡಿಗೆ ಗೊತ್ತ ಆಗಿಲ್ಲ. ಪಿನ್ ಮುಟ್ಟಿಲ್ಲ, ಚಾರ್ಜೂ ಆಗಿಲ್ಲ, ಬಂದೂ ಆಗಿಲ್ಲ.

ನಿಮ್ಮವು ಹಂಗ ಆಗಿದ್ರ ಹಿಂಗ ನೋಡ್ರಿ. ರಾತ್ರಿಯೆಲ್ಲಾ ಡಬ್ಬಿಯಾಗಿಟ್ಟ ಬಡ್ಡನ್ನ ಮುಂಜಾನೆ ತಗದಾಗ ಫೋನಿನಾಗ 100 ತೋರಸದ 50, 60 ತೋರಸ್ತಂದ್ರ, ಇಲ್ಲಾ ಡಬ್ಬಿಯಾಗ ಬೆರಳಿಂದ ಒತ್ತಿದಾಗಷ್ಟ ಲೈಟ್ ಹತ್ತಿದ್ರ, ಮೊದಲ ಪಿನ್ನಿನ ಮ್ಯಾಲ ಸಂಶಯ ಪಡ್ರಿ. 100 ತೋರಿಸಿ, ಆಮ್ಯಾಲ 40ಕ್ಕೋ 30ಕ್ಕೋ ಧಡಕ್ಕನ ಆಫ್ ಆದ್ರ ಅದು ಬ್ಯಾಟರಿ ಸವೆದ ಲಕ್ಷಣ.

ಪಿನ್ ಯಾಕ ಕೆಟ್ಟಿತು? ಬೆವರಿನ ಉಪ್ಪು, ಕಿವಿ ಕೊಳೆ, ಮ್ಯಾಲ ನಮ್ಮೂರ ಧೂಳಿ. ಬಾಕ್ಸಿನ ಮ್ಯಾಲ IPX4 ಅಂತ ಐತಿ. 4 ಅಂದ್ರ ನೀರ ಸಿಡಿದ್ರ ತಡೀತೈತಿ ಅಂತ. ಧೂಳಿನ ಅಂಕಿ ಇರಬೇಕಾದ ಜಾಗದಾಗ X ಐತಿ, ಅಂದ್ರ ಧೂಳಿಗೆ ರೇಟಿಂಗ್ ಇಲ್ಲ. ಬೇಸಗ್ಯಾಗ ಇಲ್ಲಿ ದಿನಾ ಕುಡಿಯೋದ ಧೂಳಿ, ನೋಡ್ರಿ. ಜೋಡಿಗೆ ಈ ಡಬ್ಬಿಯಾಗ ಮ್ಯಾಗ್ನೆಟ್ ಐತಿ. ಪೈಪ್ ಫಿಟಿಂಗ್ ಮಾಡೋ ಜಾಗದಾಗ ಕಬ್ಬಿಣದ ಪುಡಿ ಬಂದು ಅಲ್ಲೇ ಕುಂದರ್ತೈತಿ.

[ದೃಶ್ಯ: ಒಣ ಮೆತ್ತನ ಬ್ರಶ್, ಹತ್ತಿ ಸುತ್ತಿದ ಕಡ್ಡಿ.]

ಮೊದಲ ಒಣ ಬ್ರಶ್ಶಿಂದ ಡಬ್ಬಿ ತಗ್ಗಿನಾಗಿಂದು ಝಾಡಿಸಿದೆ. ಆಮ್ಯಾಲ ಹತ್ತಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಡಬ್ಬಿ ಪಿನ್ನು, ಬಡ್ಡಿನ ಬಂಗಾರ ಬಣ್ಣದ ಚುಕ್ಕಿ ಎರಡನ್ನೂ ಒರಸಿದೆ. ಹತ್ತಿ ಕರ್ರಗ ಆತು. ಪೂರ್ತಿ ಒಣಗಿದ ಮ್ಯಾಲ ಬಡ್ ಇಟ್ಟೆ. ಬಡ್ಡಿನಾಗ ಧ್ವನಿ ಹೊರಗ ಬರೋ ಜಾಳಿಗೆ ಈ ಆಲ್ಕೋಹಾಲ್ ಬ್ಯಾಡ್ರಿ, ಸೂಜಿನೂ ಬ್ಯಾಡ. ಜಾಳಿ ಕೆಳಮುಖ ಮಾಡಿ ಹಿಡಿದು ಒಣ ಬ್ರಶ್ಶಿಂದ ತಿಕ್ರಿ, ಕೊಳೆ ಕೆಳಗ ಉದುರಲಿ. ಒಂದ ಕಿವ್ಯಾಗ ಹಾಡು ಸಣ್ಣ ಆಗಿದ್ರೂ ಬಹಳ ಸಲ ಇಷ್ಟಕ್ಕ ಸರಿ ಆಗತೈತಿ.

ಮರುದಿನ ಬಲಗಡೆದು 4 ತಾಸು 5 ನಿಮಿಷ ನಡೀತು. ಎಡಕ್ಕಿಂತ ಇನ್ನೂ ಅರ್ಧ ತಾಸು ಕಡಿಮಿ. ಅದು ನಿಜವಾದ ಸವೆತ, ಯಾಕಂದ್ರ ಕಾಲ್ ಬಂದಾಗ ನಾ ಯಾವಾಗಲೂ ಬಲದ್ದೊಂದನ್ನ ಹಾಕ್ಕೋತಿದ್ದೆ. ಅದಕ್ಕ ಬ್ಯಾರೆ ಔಷಧ ಇಲ್ಲ, ಇಷ್ಟ ಸಣ್ಣ ಬ್ಯಾಟರಿ ಬದಲಿಸಿ ಕೊಡೋರು ಸಿಗೋದೂ ಕಷ್ಟ. ಈಗ ಸೋಮವಾರ ಎಡ, ಮಂಗಳವಾರ ಬಲ, ಹಿಂಗ ಪಾಳಿ ಹಚ್ಚೀನಿ. ಡಬ್ಬಿನ ಬಿಸಲಾಗ ನಿಂತ ಗಾಡಿ ಡಿಕ್ಕ್ಯಾಗ ಇಡೋದು ಬಿಟ್ಟೀನಿ. ಲಿಥಿಯಂ ಬ್ಯಾಟರಿ ಫುಲ್ ಚಾರ್ಜಿನಾಗ ಕಾದ್ರ ಲಗೂ ಸವೀತೈತಿ, ನಮ್ಮ ಏಪ್ರಿಲ್ ಬಿಸಲಾಗ ಡಿಕ್ಕಿ ಒಲಿ ಆಗಿರ್ತೈತಿ. ಪಿನ್ ಒರಸೋದು ಐತವಾರ, ಅಂಗಡಿ ಬಂದ್ ಇದ್ದಾಗ.