ಹಬೆಯ ಪಾತ್ರೆ ಮತ್ತು ಮಗುವಿನ ತೊಡೆ

ಕೇಳುಗರಿಗೆ ನಮಸ್ಕಾರ. ಹಬೆ ತೆಗೆದುಕೊಳ್ಳುವಾಗ ಮಗು ಸುಟ್ಟುಕೊಂಡಿತು ಎಂದರೆ ಮುಖಕ್ಕೆ ಗಾಯವಾಗಿರಬೇಕು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಆದರೆ ಗಾಯ ಹೆಚ್ಚಾಗಿ ಕಾಣುವುದು ಹೊಟ್ಟೆಯ ಕೆಳಗೆ, ತೊಡೆಗಳಲ್ಲಿ ಮತ್ತು ತೊಡೆಸಂದಿನಲ್ಲಿ, ಏಕೆಂದರೆ ಸುಡುವುದು ಆವಿಗಿಂತ ಹೆಚ್ಚಾಗಿ ಮಗುಚಿದ ಪಾತ್ರೆಯ ನೀರು.

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಆರು ವರ್ಷದ ಮಗುವಿನ ಮುಂದೆ, ಒಲೆಯಿಂದ ಆಗತಾನೇ ಇಳಿಸಿದ ಪಾತ್ರೆಯನ್ನಿಟ್ಟು ತಲೆಯ ಮೇಲೆ ಟವೆಲ್ ಹೊದಿಸುತ್ತೇವೆ ಎಂದುಕೊಳ್ಳಿ. ಒಳಗೆ ಕತ್ತಲೆ, ಸೆಕೆ. ನೀಲಗಿರಿ ಎಣ್ಣೆ ಹಾಕಿದ್ದರೆ ಕಣ್ಣುರಿಯೂ ಸೇರುತ್ತದೆ. ಮಗು ಕೆಮ್ಮಿ ಮೊಣಕಾಲು ಎತ್ತುತ್ತದೆ, ಪಾತ್ರೆ ವಾಲುತ್ತದೆ, ನೀರನ್ನು ಹೀರಿದ ಚಡ್ಡಿ ಆ ಬಿಸಿಯನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಮಕ್ಕಳ ತೆಳು ಚರ್ಮವನ್ನು ಆಳವಾಗಿ ಸುಡಲು 60 ಡಿಗ್ರಿ ಸೆಲ್ಸಿಯಸ್‌ನ ನೀರಿಗೆ ಒಂದು ಸೆಕೆಂಡಿನಷ್ಟು ಹೊತ್ತು ಸಾಕು. ಇಲ್ಲಿರುವುದು ಅದಕ್ಕಿಂತ ಬಹಳ ಬಿಸಿಯಾದ ನೀರು. ದೊಡ್ಡವರು ಪಕ್ಕದಲ್ಲೇ ಕುಳಿತಿದ್ದರೂ ಕೈ ಚಾಚುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಹಾಗೇನಾದರೂ ಆದರೆ ಬಟ್ಟೆಯನ್ನೂ ಡೈಪರನ್ನೂ ಕೂಡಲೇ ತೆಗೆದು, ಸುಟ್ಟ ಜಾಗದ ಮೇಲೆ ನಲ್ಲಿಯ ತಣ್ಣೀರನ್ನು ಪೂರ್ತಿ 20 ನಿಮಿಷ ಹರಿಯಬಿಡಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಎಳೆಯಬಾರದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ. ಮಗುವಿನ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿ, ಗಾಯಕ್ಕೆ ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟು ಅಪಾಯವನ್ನು ಎದುರು ಹಾಕಿಕೊಂಡು ಪಡೆಯುವ ಲಾಭವೇನು? ಹಬೆಯಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಖಚಿತವಾಗಿ ಕಂಡುಬಂದಿಲ್ಲ. ಆದ್ದರಿಂದ ಮಕ್ಕಳಿಗೆ ಹಬೆ ಬೇಡವೆಂದೇ ನಾನು ಹೇಳುತ್ತೇನೆ.

ಮೂಗು ಬಿಡಿಸಲು ಉಪ್ಪುನೀರಿನ ಹನಿಗಳೇ ಸಾಕು. ಔಷಧಿ ಅಂಗಡಿಯಲ್ಲಿ ಸಲೈನ್ ಹನಿ ಎಂದು ಕೇಳಿ ಪಡೆಯಿರಿ. ಮೂಗು ಕಟ್ಟಿದ್ದಕ್ಕೆ ದೊಡ್ಡವರು ಹಾಕಿಕೊಳ್ಳುವ ಔಷಧದ ಹನಿ ಬೇರೆ, ಅದನ್ನು ವೈದ್ಯರು ಹೇಳದೆ ಮಕ್ಕಳಿಗೆ ಹಾಕಬಾರದು. ಮಗುವನ್ನು ಅಂಗಾತ ಮಲಗಿಸಿ ಒಂದೊಂದು ಹೊಳ್ಳೆಗೂ ಎರಡು ಮೂರು ಹನಿ ಬಿಟ್ಟು, ಸಿಂಬಳ ಮೆತ್ತಗಾಗಲು ಒಂದು ನಿಮಿಷ ಕಾದು, ಮೆದುಬಟ್ಟೆಯಿಂದ ಒರೆಸಿ. ಹಾಲು ಕುಡಿಯುವ ಕೂಸಿಗೆ ಇದನ್ನು ಹಾಲೂಡುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಮಾಡಿದರೆ ಅದು ಉಸಿರುಗಟ್ಟದೆ ಚೀಪುತ್ತದೆ. ಕರ್ಪೂರವಿರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಎಲ್ಲಿಯೂ ಹಚ್ಚಬೇಡಿ.

ಮೂಗು ಕಟ್ಟಿರುವುದಷ್ಟೇ ಅಲ್ಲದೆ ಎದೆಗೂ ತೊಂದರೆಯಾಗಿದೆಯೇ ಎಂದು ತಿಳಿಯಲು, ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಅಥವಾ ಮಗು ಹಾಲನ್ನೇ ಬಿಟ್ಟಿದ್ದರೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ವೈದ್ಯರಿಗೆ ತೋರಿಸಿ. ನಮಸ್ಕಾರ.