ನಿಮ್ಮ ಶೂ ತೂಕ ಎಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳಗ್ಗೆ ಪಾರ್ಕಿಗೆ ಹೋಗಿ ನಾಲ್ಕು ಸುತ್ತು ನಡೆಯುವವರು, ಐವತ್ತು ದಾಟಿದ ಮೇಲೂ ಓಟ ಬಿಡದವರು, ನಿಮಗಾಗಿಯೇ ಇವತ್ತಿನ ಮಾತು. ನಾನು ಫಿಸಿಯೋಥೆರಪಿಸ್ಟ್. ನನ್ನ ಬಳಿ ಬರುವವರು ಶೂ ಬಗ್ಗೆ ಬ್ರ್ಯಾಂಡ್ ಹೇಳ್ತಾರೆ, ಬೆಲೆ ಹೇಳ್ತಾರೆ, ಯಾವ ಸೇಲಿನಲ್ಲಿ ತಗೊಂಡೆವು ಅಂತಲೂ ಹೇಳ್ತಾರೆ. ತೂಕ ಎಷ್ಟು ಅಂತ ಕೇಳಿದರೆ ಮಾತ್ರ ಯಾರ ಹತ್ತಿರವೂ ಉತ್ತರ ಇರೋದಿಲ್ಲ. ಅದಕ್ಕೇ ಇವತ್ತು ಒಂದೇ ವಿಷಯ ಹೇಳ್ತೀನಿ: ಶೂವನ್ನು ತೂಕ ಹಾಕಿ ನೋಡಿ.

ಬೆನ್ನ ಮೇಲಿನ ತೂಕ ಬೇರೆ, ಕಾಲಿನ ತೂಕ ಬೇರೆ. ಬೆನ್ನಿನ ಚೀಲ ದೇಹದ ಜೊತೆ ಒಂದೇ ವೇಗದಲ್ಲಿ ಸಾಗುತ್ತದೆ. ಪಾದ ಹಾಗಲ್ಲ. ಪ್ರತಿ ಹೆಜ್ಜೆಗೂ ಅದು ನೆಲದ ಮೇಲೆ ಪೂರ್ತಿ ನಿಲ್ಲುತ್ತದೆ. ಆಮೇಲೆ ಮೇಲೆದ್ದು, ದೇಹಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ವೇಗದಲ್ಲಿ ಮುಂದೆ ಹೋಗಿ, ಮತ್ತೆ ನಿಲ್ಲುತ್ತದೆ. ಶೂ ತೂಕವನ್ನೂ ಅಷ್ಟು ಸಲ ಎತ್ತಬೇಕು, ಬೀಸಬೇಕು, ತಡೆದು ನಿಲ್ಲಿಸಬೇಕು. ಸೈನಿಕರ ಬೂಟಿನ ಬಗ್ಗೆ ನಡೆದ ಅಧ್ಯಯನಗಳಲ್ಲಿ, ಕಾಲಿಗೆ ಕಟ್ಟಿದ ಒಂದು ಕೆಜಿ ಬೆನ್ನಿನ ನಾಲ್ಕರಿಂದ ಆರು ಕೆಜಿಯಷ್ಟು ಶ್ರಮ ಕೊಡುತ್ತದೆ ಅಂತ ಕಂಡುಬಂದಿದೆ. ನಡೆಯುವ ವೇಗ ಹೆಚ್ಚಿದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ.

ಇದು ಹೇಗೆ ಗೊತ್ತಾಗುತ್ತೆ ಅಂತ ಒಬ್ಬರ ಕಥೆ ಹೇಳ್ತೀನಿ. ನಿವೃತ್ತ ಮೇಷ್ಟ್ರು, ಅರವತ್ತೆಂಟು ವಯಸ್ಸು. ದಿನಾ ನಾಲ್ಕು ಕಿಲೋಮೀಟರ್ ನಡೆಯುವವರು. "ಡಾಕ್ಟ್ರೇ, ಉಸಿರು ಚೆನ್ನಾಗಿದೆ, ಮಂಡಿ ನೋವಿಲ್ಲ. ಆದರೆ ಎರಡನೇ ಸುತ್ತಿಗೆ ಕಾಲು ಭಾರ ಆಗುತ್ತೆ, ಎತ್ತೋಕೇ ಬೇಜಾರು" ಅಂದರು. ಎಲ್ಲಿ ಭಾರ ಅಂತ ಕೇಳಿದೆ. ಒಂದು ಕೈ ತೊಡೆಸಂದಿನ ಮೇಲಿಟ್ಟರು, ಇನ್ನೊಂದು ಕೈಯಲ್ಲಿ ಮಂಡಿ ಕೆಳಗಿನ ಮೂಳೆಯ ಪಕ್ಕ ಸವರಿ ತೋರಿಸಿದರು. ಸರಿಯಾಗಿ ಅವೆರಡೇ ಜಾಗ! ತೊಡೆಸಂದಿನ ಸ್ನಾಯು ಕಾಲನ್ನು ಎತ್ತುತ್ತದೆ. ಮೂಳೆ ಪಕ್ಕದ ಸ್ನಾಯು ಪಾದದ ತುದಿಯನ್ನು ನೆಲಕ್ಕೆ ತಾಗದ ಹಾಗೆ ಮೇಲೆ ಹಿಡಿಯುತ್ತದೆ. ಶೂ ಭಾರವಾದರೆ ಮೊದಲು ಸುಸ್ತಾಗೋದು ಇವೇ.

ಶೂ ಬಿಚ್ಚಿಸಿ ತಿರುಗಿಸಿ ನೋಡಿದೆ. ತಳದ ಹಿಮ್ಮಡಿ ಭಾಗ ಸವೆದಿತ್ತು, ಅದು ಎಲ್ಲರದ್ದೂ ಸವೆಯುತ್ತೆ. ಆದರೆ ಎರಡೂ ಶೂಗಳ ಮುಂತುದಿಯಲ್ಲಿ, ಹೆಬ್ಬೆರಳ ನೇರಕ್ಕೆ, ರಬ್ಬರು ಉಜ್ಜಿ ನುಣ್ಣಗಾಗಿತ್ತು. ಅಂದರೆ ಪಾದ ಸಾಕಷ್ಟು ಮೇಲೆ ಏಳ್ತಾ ಇಲ್ಲ, ತುದಿ ನೆಲಕ್ಕೆ ಉಜ್ಜುತ್ತಿದೆ. ಕಾರಿಡಾರಿನಲ್ಲಿ ನಡೆಸಿದೆ. ಮೊದಲು ಸದ್ದಿಲ್ಲ. ಹತ್ತು ನಿಮಿಷ ಆದ ಮೇಲೆ ಸರ್, ಸರ್ ಅಂತ ಸದ್ದು ಶುರುವಾಯಿತು. ನಮ್ಮ ಫುಟ್‌ಪಾತಿನ ಎದ್ದ ಕಲ್ಲಿಗೆ ಎಡವೋದು ಇಂಥ ಕಾಲೇ.

ಆಮೇಲೆ ತಕ್ಕಡಿ ತಂದೆ. ಅಡುಗೆಮನೆಯಲ್ಲಿ ಹಿಟ್ಟು ತೂಗುವಂಥದ್ದೇ. ಒಂದು ಶೂ 470 ಗ್ರಾಂ ಬಂತು. ಒಳಗೆ ಕೈ ಹಾಕಿದರೆ ದಪ್ಪನೆಯ ಜೆಲ್ ಇನ್‌ಸೋಲ್. ಮಗ ಪ್ರೀತಿಯಿಂದ ಆರ್ಡರ್ ಮಾಡಿ ತರಿಸಿದ್ದಂತೆ, ಮೆತ್ತಗಿರಲಿ ಅಂತ. ಅದೊಂದೇ 85 ಗ್ರಾಂ! ಅವರ ಹಿಮ್ಮಡಿಯಲ್ಲಿ ನೋವಿರಲಿಲ್ಲ, ಅದರ ಅಗತ್ಯವೇ ಇರಲಿಲ್ಲ. ಅದನ್ನು ತೆಗೆದು ಶೂ ಜೊತೆ ಬಂದಿದ್ದ ತೆಳು ಇನ್‌ಸೋಲ್‌ನಲ್ಲೇ ಎರಡು ವಾರ ನಡೆಯಲು ಹೇಳಿದೆ. ಒಂದು ರೂಪಾಯಿ ಖರ್ಚಿಲ್ಲದೆ ಎರಡನೇ ಸುತ್ತಿನ ಭಾರ ಮೂರನೇ ಸುತ್ತಿಗೆ ಹೋಯಿತು. ಆಮೇಲೆ ಅವರೇ ಅಂಗಡಿಗೆ ಹೋಗಿ, ತಕ್ಕಡಿ ಕೇಳಿ, ಒಂದೊಂದು ಶೂ 265 ಗ್ರಾಂ ಇರುವ ಜೋಡಿ ತಂದರು.

ಲೆಕ್ಕ ನೋಡಿ. ನಾಲ್ಕು ಕಿಲೋಮೀಟರಿಗೆ ಆ ವಯಸ್ಸಿನವರು ಸುಮಾರು ಆರು ಸಾವಿರ ಹೆಜ್ಜೆ ಇಡುತ್ತಾರೆ. ಒಂದು ಕಾಲಿಗೆ ಮೂರು ಸಾವಿರ. ಒಂದು ಶೂನಲ್ಲಿ 200 ಗ್ರಾಂ ಕಡಿಮೆಯಾದರೆ, ಒಂದು ಕಾಲು ಒಂದು ಬೆಳಗ್ಗೆ ಎತ್ತುವುದರಲ್ಲಿ 600 ಕೆಜಿ ಕಡಿಮೆ. ಇಡೀ ದೇಹದ ಶ್ರಮದಲ್ಲಿ ನೂರು ಗ್ರಾಮಿಗೆ ನೂರಕ್ಕೆ ಒಂದು ಪಾಲಿನಷ್ಟೇ ವ್ಯತ್ಯಾಸ. ಉಸಿರಿನಲ್ಲಿ ನಿಮಗದು ಗೊತ್ತೂ ಆಗಲ್ಲ. ಆದರೆ ಆ ಭಾರವೆಲ್ಲ ಬೀಳೋದು ಆ ಕೆಲವೇ ಸ್ನಾಯುಗಳ ಮೇಲೆ. ಜೊತೆಗೆ, ವಯಸ್ಸಾದಂತೆ ಮೀನಖಂಡದ ತಳ್ಳುವ ಶಕ್ತಿ ಕಮ್ಮಿಯಾಗುತ್ತೆ. ಆ ಕೆಲಸವನ್ನೂ ತೊಡೆಸಂದು, ಸೊಂಟದ ಸ್ನಾಯುಗಳೇ ಹೊರಬೇಕು. ಅದಕ್ಕೇ ಇಪ್ಪತ್ತೈದರ ಹುಡುಗನಿಗೆ ಲೆಕ್ಕಕ್ಕೇ ಬಾರದ 200 ಗ್ರಾಂ ಅರವತ್ತೆಂಟಕ್ಕೆ ಕಾಲು ಎಳೆಯುವ ಹಾಗೆ ಮಾಡುತ್ತದೆ. ತೂಕ ಹಾಕಿ ನೋಡಿ ಅಂತ ಮತ್ತೆ ಮತ್ತೆ ಹೇಳೋದು ಇದಕ್ಕೇ.

ಮೇಷ್ಟ್ರ ಕಥೆಯಲ್ಲೇ ಸಮಯ ಹೋಯಿತು, ಓಡುವವರಿಗೆ ಬೇಗ ಹೇಳಿಬಿಡ್ತೀನಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಓಟಗಾರರಿಗೆ ಹೇಳದೆಯೇ ಅವರ ಶೂ ಒಳಗೆ ಸೀಸದ ಸಣ್ಣ ಗುಂಡು ಸೇರಿಸಿ ಮೂರು ಕಿಲೋಮೀಟರ್ ಓಡಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನ ಇದು. ಪ್ರತಿ ಶೂಗೆ 100 ಗ್ರಾಂ ಸೇರಿದರೆ ಓಟದ ಸಮಯ ನೂರಕ್ಕೆ ಮುಕ್ಕಾಲಿನಷ್ಟು ಹೆಚ್ಚಿತು. ಹತ್ತು ಕಿಲೋಮೀಟರನ್ನು ಎಪ್ಪತ್ತು ನಿಮಿಷದಲ್ಲಿ ಓಡುವ ನಿಮಗೆ ಅದು ಸುಮಾರು ಅರ್ಧ ನಿಮಿಷ. ಹಗುರಾದಷ್ಟೂ ಒಳ್ಳೆಯದು ಅಂತ ಕಾಗದದಂಥ ಶೂ ಹುಡುಕಬೇಡಿ. ಅದೇ ವಿಶ್ವವಿದ್ಯಾಲಯ ಬರಿಗಾಲಿನ ಓಟವನ್ನೂ ಅಳೆದು ನೋಡಿದೆ. ಶೂ ತೂಕ ಪೂರ್ತಿ ಹೋದರೂ ಶ್ರಮ ಕಡಿಮೆಯಾಗಲಿಲ್ಲ. ಮೆತ್ತೆ ಇಲ್ಲದಾಗ ಹೊಡೆತ ತಡೆಯುವ ಕೆಲಸ ಕಾಲಿನ ಸ್ನಾಯುಗಳ ಪಾಲಿಗೇ ಬರುತ್ತದೆ. ಹಾಗಾಗಿ ಮೆತ್ತೆ ಇದ್ದು ಹಗುರವಾಗಿರುವ ಜೋಡಿ ಬೇಕು. ಅಂಥವು ಒಂದು ಶೂಗೆ 220ರಿಂದ 270 ಗ್ರಾಂ ಒಳಗೆ ಧಾರಾಳವಾಗಿ ಸಿಗುತ್ತವೆ. ಕಂಪನಿ ಹೇಳುವ ತೂಕ ಒಂದು ನಿರ್ದಿಷ್ಟ ಸೈಜಿನದು, ನಿಮ್ಮ ಸೈಜಿನ ಶೂವನ್ನೇ ತೂಗಿ. ಮಳೆಗಾಲದಲ್ಲಿ ಒದ್ದೆ ಶೂವನ್ನೂ ಒಮ್ಮೆ ತೂಗಿ ನೋಡಿ, ನೀರು ಹೀರಿ ಎಷ್ಟು ಭಾರವಾಗಿದೆ ಅಂತ ಕಾಣುತ್ತೆ.

ಸುಸ್ತು ತೊಡೆಸಂದಿನಲ್ಲೋ ಮೂಳೆ ಪಕ್ಕದಲ್ಲೋ ಇದ್ದರೆ, ನಿಮ್ಮ ಒಂದು ಶೂ 350 ಗ್ರಾಂ ದಾಟಿದ್ದರೆ, ಹಗುರ ಜೋಡಿಯಿಂದ ಗುಣ ಕಾಣುತ್ತೀರಿ. ನೋವು ಮೀನಖಂಡದಲ್ಲೋ ಹಿಮ್ಮಡಿ ಮೇಲಿನ ಸ್ನಾಯುರಜ್ಜಿನಲ್ಲೋ ಇದ್ದರೆ ಹಗುರ ಜೋಡಿ ಬೇಡ, ತೆಳು ತಳದ ಹಗುರ ಶೂ ಅದನ್ನು ಕೆಣಕುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ತೂಕದ ಆಸೆಗೆ ಬಿದ್ದು ಶೂ ಬದಲಿಸಬಾರದು, ಅವರಿಗೆ ರಕ್ಷಣೆ ಮೊದಲು. ಒಂದೇ ಕಾಲಿನ ಮುಂತುದಿ ಉಜ್ಜುತ್ತಿದ್ದರೆ ಅಂಗಡಿಗೆ ಹೋಗಬೇಡಿ, ನೇರ ವೈದ್ಯರ ಹತ್ತಿರ ಹೋಗಿ, ಅದು ನರದ ತೊಂದರೆ ಇರಬಹುದು.

ಹೊಸ ಹಗುರ ಶೂವನ್ನು ಮೊದಲ ವಾರ ದಿನ ಬಿಟ್ಟು ದಿನ, ಒಂದೇ ಸುತ್ತಿಗೆ ಹಾಕಿ. ಉಳಿದ ಸುತ್ತು ಹಳೆಯದರಲ್ಲೇ ನಡೆಯಿರಿ. ಬೆಳಗ್ಗೆ ಎದ್ದಾಗ ಮೀನಖಂಡ ಬಿಗಿಯಾಗಿಲ್ಲ ಅಂದರೆ ಮುಂದಿನ ವಾರ ಒಂದು ಸುತ್ತು ಹೆಚ್ಚಿಸಿ. ನಮಸ್ಕಾರ.